ಮೂರನೆಯ ಗುರಿಯಲ್ಲಿ ಅತ್ತೆ

ಅಮೆರಿಕದ ಸಂಶೋಧನಾ ನಿಧಿಯವರಿಗೆ ಅರ್ಜಿ ಹಾಕುವುದೆಂದರೆ ನೂರು ಪುಟದ ಕೆಲಸ. ಆದರೆ ಅರ್ಜಿಯ ಜೀವವೆಲ್ಲ ಒಂದೇ ಪುಟದಲ್ಲಿರುತ್ತದೆ. ಆ ಪುಟಕ್ಕೆ ‘ನಿರ್ದಿಷ್ಟ ಗುರಿಗಳು’ ಎಂದು ಹೆಸರು. ಕಷ್ಟ ಏನು, ಅದರ ಬಗ್ಗೆ ಇವತ್ತಿನ ತನಕ ಯಾರಿಗೂ ಗೊತ್ತಿಲ್ಲದ್ದು ಏನು, ನಾವು ಮಾಡುವುದೇನು, ಮಾಡಿದರೆ ಲೋಕಕ್ಕೆ ಬರುವ ಭಾಗ್ಯವೇನು, ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು. ಅಕ್ಷರ ಸಣ್ಣದು ಮಾಡುವಂತಿಲ್ಲ, ಅಂಚು ಕಿರಿದು ಮಾಡುವಂತಿಲ್ಲ. ತೀರ್ಪು ಕೊಡುವ ಸಮಿತಿಯಲ್ಲಿ ಇಬ್ಬರೋ ಮೂವರೋ ಅರ್ಜಿಯನ್ನು ಪೂರ್ತಿ ಓದುತ್ತಾರೆ, ಉಳಿದವರು ಈ ಒಂದು ಪುಟದ ಮೇಲೆ ಕಣ್ಣಾಡಿಸಿ ಅಂಕ ಹಾಕುತ್ತಾರೆ. ಹೀಗಾಗಿ ನೇಲಿದಾ ತಿಕೋನಾ ಎಂಬ ಮನಶ್ಶಾಸ್ತ್ರಜ್ಞೆ ಏಪ್ರಿಲ್‌ನಿಂದ ಜೂನ್‌ವರೆಗೆ ಈ ಒಂದು ಪುಟವನ್ನೇ ಬರೆಯುತ್ತ ಕೂತಿದ್ದಳು. ಅವಳ ಗಂಡ ಪಾಪ, ಅಷ್ಟು ದಿನದಲ್ಲಿ ಒಂದು ಮನೆ ಕಟ್ಟಬಹುದಿತ್ತು ಎಂದು ಒಮ್ಮೆ ಅಂದು, ಆಮೇಲೆ ಅನ್ನುವುದನ್ನು ಬಿಟ್ಟ.

ಲಿಮಾದ ಉತ್ತರದ ಗುಡ್ಡಗಳಲ್ಲಿ ಬಸುರಿ ಬಾಣಂತಿಯರನ್ನು ಹಿಡಿಯುವ ಖಿನ್ನತೆ ಅವಳ ವಿಷಯ. ಹೋದ ವರ್ಷ ಒಂದು ಪುಟ್ಟ ನಿಧಿಯಿಂದ ಗುಡ್ಡದ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮನೆಮನೆಗೆ ಕಳಿಸಿ, ಬಾಣಂತಿಯರ ಜೊತೆ ಕೂತು ಮಾತಾಡಿಸುವ ಕೆಲಸ ಶುರು ಮಾಡಿದ್ದಳು. ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ ಎಂಬುದು ಮೊದಲ ಪಾಠ. ಸ್ವಂತ ನೆಂಟರ ಮನೆಗೆ ಹೋಗಬಾರದು ಎಂಬುದು ಎರಡನೆಯದು. ನಿಧಿ ಮುಗಿಯಿತು, ಭೇಟಿಗಳೂ ನಿಂತವು. ಮತ್ತೆ ಶುರುವಾಗಬೇಕಾದರೆ ಈ ಅರ್ಜಿ ಗೆಲ್ಲಬೇಕು.

ಅರ್ಜಿಯಲ್ಲಿ ಅವಳ ಜೊತೆಗಾರ್ತಿ ಮಿನೆಸೋಟದ ಪ್ರೊಫೆಸರ್ ಇಂಗ್ರಿಡ್ ಲಾರ್ಸನ್. ಒಳ್ಳೆಯ ಹೆಂಗಸು, ಆದರೆ ಕೆಂಪು ಶಾಯಿಯ ವಿಷಯದಲ್ಲಿ ಕೈ ಬಹಳ ಧಾರಾಳ. ನೇಲಿದಾ ಮೊದಲು ‘ಈ ಭೇಟಿಗಳಿಂದ ಖಿನ್ನತೆ ಕಡಿಮೆಯಾಗುತ್ತದೆಂದು ಸಾಬೀತು ಮಾಡುತ್ತೇವೆ’ ಎಂದು ಎದೆತಟ್ಟಿ ಬರೆದಳು. ಇದು ಪ್ರಾಯೋಗಿಕ ಅರ್ಜಿ ಮಾರಾಯ್ತಿ, ಇಷ್ಟು ಕಡಿಮೆ ಜನರಲ್ಲಿ ಯಾವುದನ್ನೂ ಸಾಬೀತು ಮಾಡಲಾಗದು, ‘ಮಾಡಲು ಸಾಧ್ಯವೇ, ಜನ ಒಪ್ಪುತ್ತಾರೆಯೇ’ ಎಂದಷ್ಟೇ ಕೇಳು ಎಂದು ಪ್ರೊಫೆಸರ್ ಹೊಡೆದುಹಾಕಿದಳು. ಎರಡನೆಯ ಸಲ, ಮೊದಲನೇ ಗುರಿ ಸೋತರೆ ಎರಡನೆಯದೂ ಮೂರನೆಯದೂ ಮಗುಚಿಕೊಳ್ಳುವಂತಿವೆ, ಒಂದೊಂದೂ ತನ್ನ ಕಾಲ ಮೇಲೆ ನಿಲ್ಲಲಿ ಎಂದಳು. ಒಂಬತ್ತನೆಯ ಸಲ ಎಲ್ಲ ಸರಿಯಾಯಿತು ಅಂದುಕೊಂಡರೆ, ಈಗ ಪುಟಕ್ಕೆ ಜೀವವಿಲ್ಲ, ಯಾರಾದರೂ ಒಬ್ಬ ತಾಯಿಯ ದನಿ ಬೇಕು, ಎರಡೇ ಸಾಲು ಸಾಕು ಎಂದು ಬರೆದಳು.

ನೇಲಿದಾ ಹೋದ ವರ್ಷದ ಸಂದರ್ಶನಗಳನ್ನು ತಿರುವಿಹಾಕಿದಳು. ಒಂದು ಮಾತು ಅವಳನ್ನು ಆಗಿನಿಂದಲೂ ಬಿಟ್ಟಿರಲಿಲ್ಲ. ಅದನ್ನೇ ಎತ್ತಿ, ಹೆಸರು ತೆಗೆದು, ವಯಸ್ಸು ತೆಗೆದು, ಗುಡ್ಡದ ಹೆಸರನ್ನೂ ತೆಗೆದು, ಮೂರನೆಯ ಗುರಿಯ ನೆತ್ತಿಯ ಮೇಲೆ ಇಟ್ಟಳು. ವಾಷಿಂಗ್ಟನ್ ಕಡೆ ಕೂತು ಓದುವವರಿಗೆ ಆ ಹುಡುಗಿ ಯಾರೆಂದು ಈ ಜನ್ಮದಲ್ಲಿ ಗೊತ್ತಾಗದು. ಪ್ರೊಫೆಸರ್ ‘ಇಡೀ ಪುಟದಲ್ಲಿ ಇದೇ ಮುತ್ತಿನಂಥ ಸಾಲು’ ಎಂದು ಬರೆದಳು. ಕೆಂಪು ಶಾಯಿ ಇಲ್ಲದೆ ಅವಳಿಂದ ಬಂದ ಮೊದಲ ಉತ್ತರ ಅದು.

ಇನ್ನು ಉಳಿದದ್ದು ಒಂದೇ. ಕಾರ್ಯಕರ್ತೆಯರ ಸಂಘದಿಂದ ‘ನಮ್ಮ ಬೆಂಬಲವಿದೆ’ ಎಂಬ ಪತ್ರ, ಮೊಹರಿನ ಸಮೇತ. ಆ ಸಂಘದಲ್ಲಿ ಒಂದು ಕಟ್ಟಳೆಯಿದೆ. ಸಭೆಯಲ್ಲಿ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದದ ಕಾಗದಕ್ಕೆ ಅವರು ಮೊಹರು ಒತ್ತುವುದಿಲ್ಲ. ಹಿಂದೊಮ್ಮೆ ಯಾವುದೋ ಸಂಸ್ಥೆಯವರನ್ನು ನಂಬಿ ಓದದೆ ಒತ್ತಿದ್ದರು, ಹುಡುಗರ ಫುಟ್‌ಬಾಲ್ ಮೈದಾನದ ನಟ್ಟನಡುವೆ ಸಾಲಾಗಿ ಕಕ್ಕಸು ಎದ್ದವು. ಗೋಲ್‌ಕೀಪರನಿಗೆ ಅನುಕೂಲ ಆಯಿತು ಎಂದು ಜನ ಈಗಲೂ ನಗುತ್ತಾರೆ. ಹೀಗಾಗಿ ಅರ್ಜಿ ಹೋಗಬೇಕಾದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಸಮುದಾಯದ ಅಡುಗೆಮನೆಯಲ್ಲಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಸಭೆ ಕೂತಿತು.

ಅಧ್ಯಕ್ಷೆ ದೊನ್ಯಾ ಫೋರ್ತುನಾತಾ ವಾರ್ಕಾಯಾ. ಐವತ್ತೆಂಟು ವರ್ಷ, ಕುಳ್ಳು ದೇಹ, ಸಭೆಯನ್ನು ಹತೋಟಿಯಲ್ಲಿಡಲು ಗಂಟೆಯ ಬದಲು ಸೌಟು. ಗುಡ್ಡಕ್ಕೆ ನೀರು ತಂದವಳು ಅವಳು, ಮೆಟ್ಟಿಲು ತಂದವಳು ಅವಳು, ಮನಸ್ಸಿನ ಕಾಯಿಲೆ ಅಂದರೆ ಹುಚ್ಚಲ್ಲ ಎಂದು ಮೊದಲು ಒಪ್ಪಿಕೊಂಡು ಬೇರೆಯವರನ್ನು ಒಪ್ಪಿಸಿದವಳೂ ಅವಳೇ. ಅವಳ ಎದುರು ಸಾಲಿನಲ್ಲಿ ಹೆರ್ಮೆಲಿಂದಾ ಸುಲ್ಕಾ. ಅವಳ ಮಗನಿಗೆ ಫೋರ್ತುನಾತಾ ಜ್ಞಾನಸ್ನಾನದ ತಾಯಿ, ಆದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕೊಮಾದ್ರೆ’ ಅನ್ನಬೇಕು. ಅನ್ನುತ್ತಲೂ ಇದ್ದರು, ಹಲ್ಲು ಕಚ್ಚಿಕೊಂಡು. ಕ್ರಿಸ್‌ಮಸ್‌ಗೆ ಮಕ್ಕಳಿಗೆ ಚಾಕೊಲೇಟು ಹಾಲು ಕಾಯಿಸಿದಾಗ ತಳ ಹಿಡಿಸಿದ್ದು ಯಾರು ಎಂಬ ಪ್ರಶ್ನೆ ಇವರ ನಡುವೆ ಇನ್ನೂ ಬಗೆಹರಿದಿರಲಿಲ್ಲ.

ನೇಲಿದಾ ಇಂಗ್ಲಿಷ್ ಪುಟವನ್ನು ತಮ್ಮ ಭಾಷೆಗೆ ಹೊರಳಿಸುತ್ತ ಓದಲು ನಿಂತಳು. ಮೊದಲ ಪ್ಯಾರಾದಲ್ಲೇ ಸಿಕ್ಕಿಬಿದ್ದಳು. ಅರ್ಜಿಯ ಧರ್ಮ ಹೇಗಿದೆ ಎಂದರೆ, ಇಲ್ಲಿ ಏನೂ ಇಲ್ಲ, ಯಾರಿಗೂ ಏನೂ ಗೊತ್ತಿಲ್ಲ ಎಂದು ಮೊದಲು ಗೋಳಾಡಬೇಕು. ಎಲ್ಲ ಇದೆ ಎಂದರೆ ದುಡ್ಡು ಯಾಕೆ ಎನ್ನುತ್ತಾರೆ. ಹಾಗಾಗಿ ಪುಟದಲ್ಲಿ ‘ವೃತ್ತಿ ತರಬೇತಿಯಿಲ್ಲದ ಸ್ಥಳೀಯ ಹೆಂಗಸರು ಈ ಚಿಕಿತ್ಸೆಯನ್ನು ನೀಡಬಲ್ಲರೇ ಎಂಬುದು ಅಜ್ಞಾತ’ ಎಂದಿತ್ತು. ಹೋದ ವರ್ಷವೆಲ್ಲ ಮಂಜಿನಲ್ಲಿ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆಸಿದವರು ಅಲ್ಲಿ ಕೂತಿದ್ದರು. ನಾವು ಬಲ್ಲೆವೋ ಇಲ್ಲವೋ ಅಜ್ಞಾತವಂತೆ ಎಂದು ಹಿಂದಿನ ಸಾಲಿಂದ ಒಬ್ಬಳು ನಕ್ಕಳು, ಆ ನಗು ಒಳ್ಳೆಯದಾಗಿರಲಿಲ್ಲ. ನೇಲಿದಾ ಬೆವರುತ್ತ ವಿವರಿಸಿದಳು. ಮಾಡಬಲ್ಲಿರಿ ಎಂದು ನನಗೆ ಗೊತ್ತು, ಅಂಕಿ ಸಂಖ್ಯೆಯಲ್ಲಿ ಅವರಿಗೆ ಗೊತ್ತಿಲ್ಲ, ಅಷ್ಟೇ. ಫೋರ್ತುನಾತಾ ಸೌಟು ಬಡಿದು, ಭಿಕ್ಷೆ ಬೇಡುವಾಗ ಹರಕು ಬಟ್ಟೆ ಹಾಕಿಕೊಳ್ಳೋದು ವಾಡಿಕೆ, ಮುಂದೆ ಓದಿ ಅಂದಳು.

ಮೊದಲನೇ ಗುರಿ, ಭೇಟಿಯ ಪಾಠಗಳನ್ನು ತಾಯಂದಿರ ಜೊತೆ ಕೂತು ಇಲ್ಲಿಗೆ ಒಗ್ಗುವಂತೆ ತಿದ್ದುವುದು. ಇದಕ್ಕೆ ಯಾರ ತಕರಾರೂ ಇರಲಿಲ್ಲ. ಎರಡನೆಯದು, ಎಂಟು ಗುಡ್ಡಗಳಲ್ಲಿ ಚೀಟಿ ಎತ್ತಿ, ನಾಲ್ಕರಲ್ಲಿ ಭೇಟಿ ನಡೆಸುವುದು, ಉಳಿದ ನಾಲ್ಕರಲ್ಲಿ ಆರೋಗ್ಯ ಕೇಂದ್ರದವರು ಪ್ರಶ್ನೆ ಕೇಳಿ ಕಷ್ಟದಲ್ಲಿರುವವರನ್ನು ವೈದ್ಯರಿಗೆ ತೋರಿಸುವುದು, ಮನೆಭೇಟಿ ಮಾತ್ರ ಇಲ್ಲ. ಚೀಟಿಯ ಮಾತು ಬಂದದ್ದೇ ಸಭೆಗೆ ಜೀವ ಬಂತು. ಸಂಘಕ್ಕೆ ಹಣ ಕೂಡಿಸಲು ಕೋಳಿ ಹುರಿದು ಮಾರಿ, ಬಹುಮಾನದ ಚೀಟಿ ಎತ್ತುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಆದರೆ ಚೀಟಿ ಕಂಪ್ಯೂಟರಿನಲ್ಲಿ ಅಲ್ಲ, ಎಲ್ಲರ ಎದುರು, ಇದೇ ಮೇಜಿನ ಮೇಲೆ ಎತ್ತಬೇಕು, ಎತ್ತುವವರು ಯಾವ ಗುಡ್ಡಕ್ಕೂ ಸೇರದವರಾಗಿರಬೇಕು ಎಂದು ಒಕ್ಕೊರಲಿನಿಂದ ಹೇಳಿದರು. ಹಾಗೆ ಬಹಿರಂಗವಾಗಿ ಎತ್ತುವುದು ಸಂಶೋಧನೆಯಲ್ಲಿ ನಡೆಯುವ ಪದ್ಧತಿಯೇ ಆದ್ದರಿಂದ ನೇಲಿದಾ ಸಂತೋಷವಾಗಿ ಒಪ್ಪಿದಳು. ಆಮೇಲೆ ಒಬ್ಬಳು ಮೆಟ್ಟಿಲಿಗೆ ಕಂಬಿ ಹಾಕಿಸುವುದನ್ನೂ ಒಂದು ಗುರಿ ಮಾಡಿ ಅಂದಳು, ಇನ್ನೊಬ್ಬಳು ನಾಯಿಗಳ ಕಾಟವನ್ನು ಸೇರಿಸಲು ಹೇಳಿದಳು. ಕುಡುಕ ಗಂಡಂದಿರಿಗೇ ಒಂದು ಗುರಿ ಮೀಸಲಿಡಬೇಕು ಎಂಬ ಸೂಚನೆಗೆ ಭಾರೀ ಚಪ್ಪಾಳೆ ಬಿತ್ತು. ಯಾರ ಸೂಚನೆಯನ್ನೂ ತಳ್ಳಿಹಾಕುವುದು ಆ ಸಭೆಯ ಜಾಯಮಾನವಲ್ಲ, ಹೀಗಾಗಿ ಕಾಲು ಗಂಟೆಯಲ್ಲಿ ಗುರಿಗಳು ಏಳಾದವು. ಒಂದೇ ಪುಟ, ಒಂದೇ ಪುಟ ಎಂದು ನೇಲಿದಾ ಕೈಮುಗಿಯುವುದೊಂದು ಬಾಕಿ.

“ಮೂರನೇದು ಓದಿ ದೊಕ್ತೋರಾ,” ಎಂದಳು ಫೋರ್ತುನಾತಾ.

ಮೂರನೆಯದು ಅತ್ತೆಯ ಗುರಿ. ಭೇಟಿಯಲ್ಲಿ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿಸಿದರೆ, ತನ್ನ ಬೆನ್ನಿಗೆ ಮನೆಯವರಿದ್ದಾರೆ ಎಂದು ಬಾಣಂತಿಗೆ ಅನ್ನಿಸುವುದು ಹೆಚ್ಚುತ್ತದೆಯೇ ಎಂದು ನೋಡುವುದು. ಔಷಧಿ ಯಾವ ನರಕ್ಕೆ ತಾಗುತ್ತದೆ ಎಂದು ವೈದ್ಯರು ಹುಡುಕುವಂತೆ, ಈ ಭೇಟಿಯ ಗುಣ ಮನೆಯ ಯಾವ ಮೂಲೆಗೆ ತಾಗುತ್ತದೆ ಎಂದು ಹುಡುಕುವ ಗುರಿ ಅದು. ನೇಲಿದಾ ಅದನ್ನು ಓದಿ, ಓದಿದ ರಭಸದಲ್ಲೇ ಮೇಲಿನ ಎರಡು ಸಾಲನ್ನೂ ಓದಿಬಿಟ್ಟಳು.

“‘ನಾನು ಮಗೂನ ಎತ್ಕೊಂಡ್ರೆ ಅತ್ತೆ ಏನೂ ಅನ್ನಲ್ಲ. ಸುಮ್ನೆ ಬಂದು ಕೈಯಿಂದ ತಗೊಂಡು, ಸರಿ ಮಾಡಿ, ಮತ್ತೆ ನನ್ ಕೈಗೇ ಕೊಡ್ತಾರೆ. ದಿನಾ ಹಿಂಗೇ. ಇದು ನನ್ನ ಮಗು ಅಲ್ಲ, ಅವರದ್ದನ್ನ ನಾನು ಹೊತ್ಕೊಂಡು ನಿಂತಿದೀನಿ ಅನ್ಸುತ್ತೆ.’”

ಓದಿ ತಲೆಯೆತ್ತಿದ ಮೇಲೆ ಅವಳಿಗೆ ತನ್ನ ತಪ್ಪು ಕಂಡಿತು. ಆ ಮಾತು ಹೇಳಿದವಳು ಯೋವಾನಾ. ಯೋವಾನಾ ಯಾರು ಎಂದರೆ, ಎದುರಿಗೆ ಸೌಟು ಹಿಡಿದು ಕೂತಿರುವ ಫೋರ್ತುನಾತಾಳ ಸೊಸೆ. ವಾಷಿಂಗ್ಟನ್ನಿನವರಿಗೆ ತಿಳಿಯಬಾರದೆಂದು ಹೆಸರು, ವಯಸ್ಸು, ಗುಡ್ಡ ಎಲ್ಲವನ್ನೂ ಅಳಿಸಿದ ಜಾಣೆ, ಅದನ್ನು ತಂದು ಲೋಕದಲ್ಲಿ ಯಾರ ಕಿವಿಗೆ ಬೀಳಬಾರದಾಗಿತ್ತೋ ಅದೇ ಕಿವಿಯ ಮುಂದೆ ಓದಿದ್ದಳು. ಒಂಬತ್ತು ಸಲ ತಿದ್ದಿದ ಪುಟ. ಒಂದು ಸಲವಾದರೂ, ಇದನ್ನು ಕೇಳುವವರು ಯಾರು ಎಂದು ಯೋಚಿಸಿದ್ದಳೇ? ಹೋದ ವರ್ಷ ಆ ಹುಡುಗಿ ಮಾತು ಮುಗಿಸಿ, ಇದು ಮನೇಲಿ ಗೊತ್ತಾಗಲ್ಲ ತಾನೇ ಎಂದು ಎರಡೆರಡು ಸಲ ಕೇಳಿದ್ದಳು. ಯಾರಿಗೂ ಗೊತ್ತಾಗಲ್ಲ ಎಂದು ನೇಲಿದಾ ಮಾತು ಕೊಟ್ಟಿದ್ದಳು. ಈಗ ಯೋವಾನಾ ಮತ್ತೆ ಏಳು ತಿಂಗಳ ಬಸುರಿ, ಅದೇ ಮನೆ, ಅದೇ ಅತ್ತೆ.

ಮೊದಲು ಎದ್ದು ನಿಂತವಳು ಹೆರ್ಮೆಲಿಂದಾ.

“ಇದು ನಮ್ಮನೆ ಹುಡುಗಿ ಹೇಳಿದ್ದು,” ಅಂದಳು. “ನಾನು ಮಗು ಕತ್ತು ವಾಲ್ತಾ ಇದೆ ಅಂತ ಒಂಚೂರು ಸರಿ ಮಾಡಿ ಕೊಟ್ರೆ, ಅದನ್ನ ಅಮೆರಿಕಕ್ಕೆ ಬರೆಸಿದಾಳೆ ನೋಡಿ ಅವಳು.”

ಅವಳಿನ್ನೂ ಕೂತಿರಲಿಲ್ಲ, ಬಾಗಿಲ ಬಳಿಯ ಮುದುಕಿ ಎದ್ದು, ಅಲ್ಲವೇ ಅಲ್ಲ, ಅದು ತನ್ನ ಸೊಸೆಯೇ ಎಂದು ಸಾಧಿಸತೊಡಗಿದಳು. ಮಗುವನ್ನು ಕೈಗೆ ವಾಪಸು ಕೊಡುವುದು ಇಡೀ ಗುಡ್ಡದಲ್ಲಿ ತಾನೊಬ್ಬಳೇ, ಉಳಿದ ಅತ್ತೆಯರು ಇಟ್ಟುಕೊಂಡೇ ಬಿಡುತ್ತಾರೆ ಎಂಬುದು ಅವಳ ಸಾಕ್ಷ್ಯ. ಮೂರನೆಯವಳಿಗೆ ಕೋಪಕ್ಕಿಂತ ಅಳು ಬಂತು. ಅವಳ ಪಕ್ಕದವಳು, ಸೊಸೆ ಮೊನ್ನೆಯಿಂದ ಯಾಕೆ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂಬುದು ಈಗ ಅರ್ಥವಾಯಿತು ಅಂದಳು. ಆ ಕೋಣೆಯಲ್ಲಿ ಅತ್ತೆ ಎನಿಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ಎದ್ದು, ಆ ಕೆಟ್ಟ ಹೆಸರು ತಮ್ಮದೇ ಎಂದು ಜಗಳಕ್ಕೆ ನಿಂತರು. ಸೊಸೆಯಾಗಿ ಮಾತ್ರ ಉಳಿದಿದ್ದ ಹರೆಯದವರು ಬಾಯಿಗೆ ಶಾಲು ಒತ್ತಿಕೊಂಡು ನಗು ತಡೆದರು. ಈ ಗದ್ದಲದಲ್ಲಿ ಹೆರ್ಮೆಲಿಂದಾ ಪಕ್ಕದ ಹುಡುಗಿಯ ತೋಳಿಂದ ನಿದ್ದೆಹೋಗಿದ್ದ ಕೂಸನ್ನು ತೆಗೆದುಕೊಂಡು, ಕತ್ತು ಹೀಗಿರಬೇಕು, ಬೆನ್ನು ಹೀಗಿರಬೇಕು ಎಂದು ಸಭೆಗೆ ತೋರಿಸಿ, ಸರಿಮಾಡಿ, ಹುಡುಗಿಯ ಕೈಗೆ ವಾಪಸು ಕೊಟ್ಟಳು. ತಾನು ಏನು ಮಾಡಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಉಳಿದವರಿಗೆ ಹೊಳೆಯಿತು, ಕೋಣೆ ಬಿದ್ದೂ ಬಿದ್ದೂ ನಕ್ಕಿತು.

ನೇಲಿದಾಗೆ ನಗು ಬರಲಿಲ್ಲ. ಒಂದು ಕ್ಷಣ, ಅಬ್ಬಾ ಉಳಿದೆ, ಇಷ್ಟು ಜನ ತಮ್ಮದೇ ಎನ್ನುವಾಗ ಯೋವಾನಾಳ ನೆನಪು ಯಾರಿಗೆ ಬರುತ್ತದೆ ಎಂದುಕೊಂಡಿದ್ದಳು. ಮರುಕ್ಷಣ ಇನ್ನೊಂದು ಭಯ ಹತ್ತಿತು. ಇವರೆಲ್ಲ ಈಗ ಮನೆಗೆ ಹೋಗುತ್ತಾರೆ. ಹೋಗಿ, ಬಾಯಿ ಬಿಡದ ಪಾಪದ ಹುಡುಗಿಯರನ್ನೆಲ್ಲ ನಿಲ್ಲಿಸಿ ಕೇಳುತ್ತಾರೆ. ನಿನ್ನ ಸೊಸೆಯಲ್ಲ ಎಂದು ಒಬ್ಬಳಿಗೆ ಹೇಳಿದರೆ ಎರಡನೆಯವಳಿಗೂ ಹೇಳಬೇಕು, ಹಾಗೆ ಹೇಳುತ್ತ ಹೋದರೆ ಕೊನೆಗೆ ಉಳಿಯುವವಳು ಒಬ್ಬಳೇ. ಹೇಳದಿದ್ದರೆ ಎಲ್ಲ ಮನೆಯಲ್ಲೂ ಇವತ್ತು ಬೆಂಕಿ. ಖಿನ್ನತೆ ಕಡಿಮೆ ಮಾಡಲು ಹೊರಟ ಪುಟ ಒಂದೇ ಮಧ್ಯಾಹ್ನದಲ್ಲಿ ಗುಡ್ಡದ ಬಾಣಂತಿಯರಿಗೆಲ್ಲ ಅದನ್ನು ಹಂಚುವ ಹಾಗಿತ್ತು. ಯಾರು ಹೇಳಿದ್ದೆಂದು ನಾನು ಹೇಳುವಂತಿಲ್ಲ, ನಾನು ಮಾತು ಕೊಟ್ಟಿದ್ದೇನೆ ಎಂದು ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಮೊಹರು ಹಾಳಾಗಲಿ, ಅರ್ಜಿ ಹಾಳಾಗಲಿ, ಈ ಪುಟವನ್ನು ಹರಿದು ಬಾಯಿಗೆ ಹಾಕಿಕೊಳ್ಳಲೇ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು.

ಇಷ್ಟರಲ್ಲಿ ಎದ್ದೇಳದ, ತುಟಿ ಬಿಚ್ಚದ ಅತ್ತೆ ಒಬ್ಬಳೇ. ಫೋರ್ತುನಾತಾ ಸೌಟನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿದ್ದೇ ನೇಲಿದಾಗೆ ಗೊತ್ತಾಯಿತು, ಇವಳಿಗೆ ಗೊತ್ತಾಗಿದೆ ಎಂದು.

ಫೋರ್ತುನಾತಾ ಎದ್ದು ಸೌಟನ್ನು ಮೇಜಿಗೆ ಬಡಿದಳು. ಒಂದೇ ಏಟಿಗೆ ಸದ್ದಡಗಲಿಲ್ಲ, ಮೂರು ಏಟು ಬೇಕಾಯಿತು.

“ಕೂತ್ಕೊಳ್ಳಿ ಎಲ್ರೂ. ನಿಮ್ ಸೊಸೇರಿಗೆ ಮಾಡಕ್ಕೆ ಬೇರೆ ಕೆಲ್ಸ ಇಲ್ವಾ? ಆ ಮಾತು ಹೇಳಿದ್ದು ನಾನು.”

ಎದ್ದವರು ಒಬ್ಬೊಬ್ಬರಾಗಿ ಕೂತರು.

“ದೊಕ್ತೋರಾ ಹೋದ ವರ್ಷ ನಮ್ಮನ್ನೂ ಕೂರಿಸ್ಕೊಂಡು ಕೇಳಿದ್ರಲ್ಲ. ಆಗ ಹೇಳಿದ್ದು. ನನ್ನ ಅತ್ತೆ ವಿಷಯ. ಅವಳು ಸತ್ತು ಯಾವ ಕಾಲ ಆಯ್ತೋ. ಅದಕ್ಕೆ ಮನೇಗ್ ಹೋಗಿ ಯಾರ್ನೂ ಏನೂ ಕೇಳ್ಬೇಡಿ, ಹುಡುಗೀರ ಮುಂದೆ ನಗೆಪಾಟಲಾಗ್ತೀರ. ಈಗ ಮೂರನೇ ಗುರಿ ಇರಲಿ ಅನ್ನೋರು ಕೈ ಎತ್ತಿ.”

ಹೆರ್ಮೆಲಿಂದಾ ಮುಖ ಸಣ್ಣದಾಯಿತು. ಅಷ್ಟು ಹೊತ್ತು ತನ್ನದೆಂದು ಹೊತ್ತ ಆರೋಪ ಕೈ ಜಾರಿಹೋದದ್ದಕ್ಕೆ ಅವಳಿಗೆ ಬೇಜಾರಾದಂತಿತ್ತು. ಅತ್ತೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗಾಗಲೇ ತುಂಬಿದ ಸಭೆಯಲ್ಲಿ ಎಲ್ಲವನ್ನೂ ತಾವೇ ಒಪ್ಪಿಕೊಂಡಾಗಿತ್ತು, ಇನ್ನು ಅತ್ತೆಗೆ ಇಲ್ಲೇನು ಕೆಲಸ ಎಂದು ಯಾವ ಬಾಯಿಂದ ಕೇಳುವುದು? ಕೈಗಳು ಎದ್ದವು. ಕಂಬಿ, ನಾಯಿ, ಗಂಡಂದಿರ ಗುರಿಗಳನ್ನು ಫೋರ್ತುನಾತಾ ಪುರಸಭೆಗೆ ಬೇರೆ ಅರ್ಜಿ ಹಾಕೋಣವೆಂದು ಪಕ್ಕಕ್ಕಿಟ್ಟಳು. ಪತ್ರಕ್ಕೆ ಮೊಹರು ಬಿತ್ತು.

ಜನ ಚದುರಿದ ಮೇಲೆ ನೇಲಿದಾ ಗುಡ್ಡದ ಮೆಟ್ಟಿಲಿಳಿಯುವಾಗ ಫೋರ್ತುನಾತಾ ಜೊತೆಯಾದಳು. ಮಂಜು ಹನಿಯುತ್ತಿತ್ತು. ನೇಲಿದಾ ಆ ಎರಡು ಸಾಲನ್ನು ಪುಟದಿಂದ ತೆಗೆಯುತ್ತೇನೆ, ತಪ್ಪು ನನ್ನದು ಎಂದಳು. ಸಭೆಯಲ್ಲಿ ಆ ಸುಳ್ಳು ಯಾಕೆ ಎಂದು ಕೇಳುವ ಹಾಗಿರಲಿಲ್ಲ, ಕೇಳಿದರೆ ಅದು ಸುಳ್ಳೆಂದು ಒಪ್ಪಿದಂತೆ, ಒಪ್ಪಿದರೆ ನಿಜ ಯಾರದೆಂದು ಹೇಳಿದಂತೆ.

“ನೀವು ಏನೂ ಹೇಳ್ಬೇಡಿ,” ಎಂದಳು ಫೋರ್ತುನಾತಾ. “ಹೌದೂ ಅನ್ಬೇಡಿ, ಅಲ್ಲಾನೂ ಅನ್ಬೇಡಿ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಬಿಡಬಾರದು ಅನ್ನೋ ಪಾಠ ಬೇರೆಯವರಿಗೆ ಹೇಳ್ಕೊಟ್ಟಿದ್ದೇ ನಾನು. ಒಂದು ಮಾತ್ರ ಹೇಳಿ. ಈ ಅರ್ಜಿ ಗೆದ್ರೆ ಭೇಟಿ ಯಾವಾಗ ಶುರು?”

ನೇಲಿದಾ ಲೆಕ್ಕ ಹೇಳಿದಳು. ಎಲ್ಲ ಸುಸೂತ್ರವಾದರೆ ಹಣ ಬರುವುದು ಬರುವ ಏಪ್ರಿಲ್‌ಗೆ. ಮೊದಲನೇ ಗುರಿಗೇ ಆರು ತಿಂಗಳು ಬೇಕು. ಚೀಟಿ ಎತ್ತುವುದು ಆಮೇಲೆ. ನಮ್ಮ ಗುಡ್ಡದ ಹೆಸರು ಬರಬಹುದು, ಬರದೇ ಇರಬಹುದು.

“ಯೋವಾನಾಗೆ ಆಗಸ್ಟಲ್ಲಿ ಹೆರಿಗೆ,” ಎಂದಳು ಫೋರ್ತುನಾತಾ. ಅಂದವಳು ತನ್ನ ಓಣಿಗೆ ತಿರುಗಿದಳು.

ಸೋಮವಾರ ನೇಲಿದಾ ಪುಟದಿಂದ ಆ ಮಾತನ್ನು ತೆಗೆದು, ಅಲ್ಲಿ ಬಹಿರಂಗ ಚೀಟಿಯ ವಿಷಯ ಸೇರಿಸಿದಳು. ಮಿನೆಸೋಟದಿಂದ ಕೂಡಲೇ ಕರೆ ಬಂತು. ಮುತ್ತಿನಂಥ ಸಾಲು ಎಲ್ಲಿ ಹೋಯಿತು, ಅದಿಲ್ಲದೆ ಪುಟ ಸಪ್ಪೆ, ಸಮಿತಿಯವರು ಆಕಳಿಸುತ್ತಾರೆ ಎಂದು ಪ್ರೊಫೆಸರ್ ಗೋಗರೆದಳು. ಆ ಹುಡುಗಿಯ ಗುರುತು ಸಿಕ್ಕುತ್ತದೆ ಎಂದಳು ನೇಲಿದಾ. ಯಾರಿಗೆ ಸಿಕ್ಕುತ್ತದೆ, ಇಲ್ಲಿ ಯಾರಿಗೂ ಸಿಕ್ಕದು ಎಂದಳು ಪ್ರೊಫೆಸರ್. “ಇಲ್ಲಿ ಸಿಕ್ಕುತ್ತೆ,” ಎಂದಳು ನೇಲಿದಾ. ಮೂರು ತಿಂಗಳಲ್ಲಿ ಮೊದಲ ಸಲ ಪ್ರೊಫೆಸರ್ ಸೋತು ಸುಮ್ಮನಾದಳು. ಗಡುವಿಗೆ ಸಾಕಷ್ಟು ಮುಂಚೆಯೇ ಅರ್ಜಿ ಹೋಯಿತು. ಸಪ್ಪೆಯಾದ ಪುಟ ಗೆಲ್ಲುತ್ತದೋ ಸೋಲುತ್ತದೋ, ನೇಲಿದಾಗೆ ಯೋಚಿಸಲೂ ತ್ರಾಣವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಫೋರ್ತುನಾತಾ ಫೋನ್ ಮಾಡಿ, ಒಂದು ಮನೆಗೆ ಹೋಗುವುದಿದೆ, ಒಬ್ಬಳೇ ಹೋದರೆ ಜಗಳ ಆಗುತ್ತದೆ, ನೀವೂ ಬನ್ನಿ ಎಂದಳು. ಹೋದರೆ ಅದು ಹೆರ್ಮೆಲಿಂದಾಳ ಮನೆ. ಹೆರ್ಮೆಲಿಂದಾ ಬಾಗಿಲು ತೆರೆದು, ಸೊಂಟಕ್ಕೆ ಕೈಕೊಟ್ಟು, ಚಾಕೊಲೇಟಿನ ವಿಷಯಕ್ಕೆ ಕ್ಷಮೆ ಕೇಳಲು ಬಂದಿಯಾ ಎಂದು ವಿಚಾರಿಸಿದಳು. ಒಳಗೆ ಕರೆಯಲಿಲ್ಲ. ಮಂತ್ರಿಗಳನ್ನು ನಿಲ್ಲಿಸಿ ಬೈದು ನೀರು ತಂದ ಹೆಂಗಸು, ಹೊಸ್ತಿಲ ಮುಂದೆ ಶಾಲಿನ ತುದಿ ಹಿಂಡುತ್ತ ನಿಂತಿದ್ದಳು.

“ಕೊಮಾದ್ರೆ, ನೀನು ನಮ್ಮನೆಗೆ ಬರ್ಬೇಕು. ಯೋವಾನಾ ಹತ್ರ ಕೂತ್ಕೊಳಕ್ಕೆ. ವಾರಕ್ಕೊಂದ್ಸಲ, ಮಗು ಹುಟ್ಟಿದ್ಮೇಲೂ.”

“ನಿಧಿ ಮುಗೀತಲ್ಲ.”

“ನಿಧಿ ಅಲ್ಲ. ನಾನು ಕೇಳ್ತಿರೋದು.”

ಹೆರ್ಮೆಲಿಂದಾ ಸೊಂಟದಿಂದ ಕೈ ತೆಗೆದಳು. ಫೋರ್ತುನಾತಾಳನ್ನು ನೋಡಿದಳು, ನೇಲಿದಾಳನ್ನು ನೋಡಿದಳು. ನೇಲಿದಾ ಮೋಡ ನೋಡಿದಳು. ಭಾನುವಾರದ ಸಭೆ ಹೆರ್ಮೆಲಿಂದಾಳ ತಲೆಯಲ್ಲಿ ಹಿಂದಕ್ಕೆ ಸುತ್ತುವುದು ಕಣ್ಣಿಗೆ ಕಾಣುವಂತಿತ್ತು. ಹಳೆಯ ಲೆಕ್ಕ ತೀರಿಸಿಕೊಳ್ಳಲು ಇಂಥ ಅವಕಾಶ ಮತ್ತೆ ಸಿಕ್ಕುವುದಿಲ್ಲ.

ಹೆರ್ಮೆಲಿಂದಾ ಅಂದದ್ದು ಇಷ್ಟೇ: “ನಾನೂ ಅಂಥವಳೇ ಅಲ್ವೇನೇ. ನಾನು ಬಂದು ಅವಳಿಗೇನು ಸುಖ?”

“ನಿನ್ನ ಸೊಸೇಗೆ ನೀನು ಅತ್ತೆ. ನನ್ನ ಸೊಸೇಗೆ ನೀನು ಪಕ್ಕದ್ಮನೆಯವಳು. ಅವಳು ನಿನ್ನ ಹತ್ರ ಮಾತಾಡ್ತಾಳೆ.”

“ಮತ್ತೆ ಯಾವ ಹೊತ್ತಿಗೆ ಬರ್ಲಿ? ನೀನು ಮನೇಲಿಲ್ಲದೆ ಇರೋ ಹೊತ್ತು ಅಂತ ಒಂದಿದ್ಯಾ?”

ಫೋರ್ತುನಾತಾ ಯೋಚಿಸಿದಳು. ಪ್ರಾಮಾಣಿಕವಾಗಿ ಹುಡುಕಿದಳು, ಬೆಳಗಿಂದ ಸಂಜೆವರೆಗೆ, ಸೋಮವಾರದಿಂದ ಭಾನುವಾರದವರೆಗೆ. ಸಭೆ ಇದ್ದ ದಿನವೂ ಅವಳು ನಡುವೆ ಒಮ್ಮೆ ಎದ್ದು ಹೋಗಿ ಮೊಮ್ಮಗು ಹೇಗಿದೆ ಎಂದು ನೋಡಿ ಬರುತ್ತಿದ್ದಳು.

“ಇಲ್ಲ,” ಎಂದಳು ಕೊನೆಗೆ. “ನೀನು ಬಂದಾಗ ನಾನು ಇಲ್ಲಿಗೆ ಬಂದು ನಿನ್ನ ಮನೇಲಿ ಕೂತಿರ್ತೀನಿ. ನಿನ್ನ ಸೊಸೆಗೆ ಹೇಳು, ನನ್ನನ್ನ ಬಾಗಿಲಾಚೆ ಬಿಡ್ಬೇಡ ಅಂತ.”